ವ್ಯಾಕರಣಗಳನ್ನು ಹೋಲಿಸುವ ಪಾಠ: ಒಂದು ಸೆಮಿನಾರಿನ ಪಠ್ಯಕ್ರಮ

ಪ್ರತ್ಯಯಗಳು ಕೂಡಿ ಪದವಾಗುವ ಬಗೆಯಲ್ಲಿ, ಪದಗಳು ಕೂಡಿ ವಾಕ್ಯವಾಗುವ ಬಗೆಯಲ್ಲಿ ಲೋಕದ ಭಾಷೆಗಳು ಎಲ್ಲಿ ಬೇರೆಯಾಗುತ್ತವೆ, ಎಲ್ಲಿ ಒಂದೇ ದಾರಿ ಹಿಡಿಯುತ್ತವೆ ಎಂದು ಹುಡುಕುವ ವಿದ್ಯೆಗೆ ಪದವಾಕ್ಯ ಟೈಪಾಲಜಿ ಎನ್ನುತ್ತಾರೆ. ಭಾಷಾವಿಜ್ಞಾನದ ಎಂ.ಎ. ಎರಡನೆಯ ವರ್ಷದಲ್ಲೋ ಪಿಎಚ್.ಡಿ. ಆರಂಭದಲ್ಲೋ ಇದನ್ನು ಸೆಮಿನಾರಿನ ರೂಪದಲ್ಲಿ ಕಲಿಸುವುದು ವಾಡಿಕೆ. ವಾರಕ್ಕೊಂದು ಮೂರು ಗಂಟೆಯ ಬೈಠಕ್, ಹದಿನಾಲ್ಕು ವಾರ, ಹತ್ತು ಹನ್ನೆರಡು ವಿದ್ಯಾರ್ಥಿಗಳು. ಅಂಥ ಸೆಮಿನಾರಿಗೆ ಒಂದು ಪಠ್ಯಕ್ರಮ ಹೇಗಿರಬಹುದು, ಯಾವ ಓದು ಮೊದಲು ಯಾವುದು ಆಮೇಲೆ, ಅಂಕ ಯಾವುದಕ್ಕೆ ಎಂಬುದು ಇಲ್ಲಿನ ವಿಷಯ.

ಪಠ್ಯಕ್ರಮದ ಮೊದಲ ಪುಟದಲ್ಲೇ ಒಂದು ಷರತ್ತು ಇರುತ್ತದೆ. ಪ್ರತಿ ವಿದ್ಯಾರ್ಥಿಯೂ ಒಂದು ಭಾಷೆಯನ್ನು ಆರಿಸಿಕೊಂಡು ಕೊನೆಯ ವಾರದವರೆಗೂ ಅದರ ಜೊತೆಗಿರಬೇಕು. ಆ ಭಾಷೆ ಮಾತೃಭಾಷೆ ಆಗಿರಕೂಡದು, ಮಾತೃಭಾಷೆಯ ಕುಟುಂಬದ್ದೂ ಆಗಿರಕೂಡದು. ಅದಕ್ಕೆ ವಿಸ್ತಾರವಾದ ವಿವರಣಾತ್ಮಕ ವ್ಯಾಕರಣವೊಂದು ಇರಬೇಕು: ಹೇಳಿದ ಪ್ರತಿ ನಿಯಮಕ್ಕೂ ಉದಾಹರಣಾ ವಾಕ್ಯ ಇರುವಂಥದ್ದು, ಕೊನೆಯಲ್ಲಿ ಒಂದೆರಡು ಕಥನಗಳನ್ನು ಬಿಡಿಸಿ ಕೊಟ್ಟಿರುವಂಥದ್ದು. ಆರ್. ಎಂ. ಡಬ್ಲ್ಯು. ಡಿಕ್ಸನ್ 1972ರಲ್ಲಿ ಹೊರತಂದ ಡ್ಯಿರ್ಬಲ್ ವ್ಯಾಕರಣ, ಮಾರ್ಟಿನ್ ಹಾಸ್ಪೆಲ್‌ಮಾತ್ 1993ರಲ್ಲಿ ಬರೆದ ಲೆಜ್ಗಿಯನ್ ವ್ಯಾಕರಣ, ನಿಕೊಲಸ್ ಇವಾನ್ಸ್ 1995ರಲ್ಲಿ ಬರೆದ ಕಯರ್ಡಿಲ್ಡ್ ವ್ಯಾಕರಣ ಈ ಬಗೆಯವು. ಕನ್ನಡವನ್ನು ಆರಿಸಿಕೊಳ್ಳುವ ಹೊರನಾಡಿನ ವಿದ್ಯಾರ್ಥಿಗೆ ಎಸ್. ಎನ್. ಶ್ರೀಧರ್ ಅವರ 1990ರ ವ್ಯಾಕರಣ ಇದೆ. ಆಡುಮಾತಿಗೆ ಹೆರಾಲ್ಡ್ ಶಿಫ್‌ಮನ್ ಅವರ 1983ರ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಕಲಿಕೆಯ ಕೈಪಿಡಿಗಳು, ನಿಘಂಟಿನ ಹಿಂದೆ ಸೇರಿಸಿದ ಸಂಕ್ಷಿಪ್ತ ವ್ಯಾಕರಣಗಳು ಈ ಕೆಲಸಕ್ಕೆ ಬರುವುದಿಲ್ಲ. ಅವು ಭಾಷೆಯನ್ನು ಕಲಿಸುತ್ತವೆ, ಬಿಡಿಸಿ ತೋರಿಸುವುದಿಲ್ಲ.

ಮೊದಲ ವಾರದ ಕೆಲಸ ಶುಷ್ಕವಾದದ್ದು, ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಉದಾಹರಣೆಗಳನ್ನು ಸಾಲುಸಾಲಾಗಿ ಬಿಡಿಸುವ ಪದ್ಧತಿಯನ್ನು ಅಂದು ಕಲಿಯಬೇಕು. ಇದಕ್ಕೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ರೂಪುಗೊಂಡ ಹತ್ತು ನಿಯಮಗಳಿವೆ. ಮೊದಲ ಸಾಲಿನಲ್ಲಿ ಮೂಲ ವಾಕ್ಯ, ಎರಡನೆಯದರಲ್ಲಿ ತುಂಡುತುಂಡಿಗೆ ಅರ್ಥ, ಮೂರನೆಯದರಲ್ಲಿ ಅನುವಾದ. ಕನ್ನಡದ ಒಂದು ವಾಕ್ಯ ಹೀಗೆ ಕಾಣುತ್ತದೆ:

ಅವಳು ಮನೆ-ಗೆ ಬಂ-ದ್-ಅಳು
ಅವಳು ಮನೆ-ಚತುರ್ಥಿ ಬರು-ಭೂತ-ಪ್ರಥಮ.ಏಕ.ಸ್ತ್ರೀ
‘ಅವಳು ಮನೆಗೆ ಬಂದಳು’

ಮೇಲಿನ ಸಾಲಿನಲ್ಲಿ ಎಷ್ಟು ಅಡ್ಡಗೆರೆಯೋ ಕೆಳಗೂ ಅಷ್ಟೇ ಇರಬೇಕು. ಒಂದೇ ತುಂಡು ಹಲವು ಅರ್ಥಗಳನ್ನು ಹೊತ್ತಿದ್ದರೆ ಅವುಗಳ ನಡುವೆ ಚುಕ್ಕೆ ಹಾಕಬೇಕು. ‘ಅಳು’ ಎಂಬುದು ಪುರುಷ, ವಚನ, ಲಿಂಗ ಮೂರನ್ನೂ ಒಟ್ಟಿಗೆ ಹೇಳುತ್ತದೆ, ಅದನ್ನು ಮತ್ತೆ ಕತ್ತರಿಸಲು ಬರುವುದಿಲ್ಲ, ಆದ್ದರಿಂದ ಅಲ್ಲಿ ಚುಕ್ಕೆ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ಗೆರೆಗಳ ಲೆಕ್ಕ ತಪ್ಪಿದ್ದರೆ, ಪದದ ಯಾವ ತುಂಡು ಏನು ಮಾಡುತ್ತಿದೆ ಎಂಬುದು ಅವರಿಗೇ ತಿಳಿದಿಲ್ಲ ಎಂದರ್ಥ. ಎರಡನೆಯ ವಾರ ತಾವು ಆರಿಸಿದ ಭಾಷೆಯ ಇಪ್ಪತ್ತು ವಾಕ್ಯಗಳನ್ನು ಹೀಗೆ ಬಿಡಿಸಿ ಒಪ್ಪಿಸಬೇಕು. ಅದಕ್ಕೆ 15 ಅಂಕ.

ಎರಡು ಮತ್ತು ಮೂರನೆಯ ವಾರಗಳ ಓದು ಜೋಸೆಫ್ ಗ್ರೀನ್‌ಬರ್ಗ್. ಅಮೆರಿಕದ ಡಾಬ್ಸ್ ಫೆರ‍್ರಿ ಎಂಬಲ್ಲಿ 1961ರಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿ 1963ರಲ್ಲಿ ಅಚ್ಚಾದ ಅವರ ಪ್ರಬಂಧ ಮೂವತ್ತು ಭಾಷೆಗಳನ್ನು ಹೋಲಿಸಿ 45 ಸಾರ್ವತ್ರಿಕ ಸೂತ್ರಗಳನ್ನು ಮುಂದಿಟ್ಟಿತು. ಆ ಮೂವತ್ತರಲ್ಲಿ ಹಿಂದಿ, ಬುರುಶಾಸ್ಕಿಗಳ ಜೊತೆಗೆ ಕನ್ನಡವೂ ಇದೆ. ಅವರ ಸೂತ್ರಗಳ ಧಾಟಿ ‘ಇದಿದ್ದರೆ ಅದೂ ಇರುತ್ತದೆ’ ಎನ್ನುವಂಥದ್ದು. ಕ್ರಿಯಾಪದ ವಾಕ್ಯದ ಕೊನೆಗೆ ಬರುವ ಭಾಷೆಗಳಲ್ಲಿ ‘ಮೇಲೆ’, ‘ಒಳಗೆ’ಯಂಥ ಪದಗಳು ಬಹುತೇಕ ನಾಮಪದದ ಹಿಂದೆಯೇ ಬರುತ್ತವೆ ಎಂಬುದು ಅವುಗಳಲ್ಲೊಂದು. ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ: ‘ಮೇಜಿನ ಮೇಲೆ’ ಎನ್ನುತ್ತೇವೆ, ‘ಮೇಲೆ ಮೇಜಿನ’ ಎನ್ನುವುದಿಲ್ಲ. ಪರ್ಷಿಯನ್ ಈ ಸೂತ್ರಕ್ಕೆ ಅಪವಾದ. ಅಲ್ಲಿ ಕ್ರಿಯಾಪದ ಕೊನೆಗೆ ಬಂದರೂ ಅಂಥ ಪದಗಳು ನಾಮಪದದ ಮುಂದೆ ನಿಲ್ಲುತ್ತವೆ.

ಗ್ರೀನ್‌ಬರ್ಗ್ ಅವರನ್ನು ಓದಿದ ಬೆನ್ನಿಗೇ ಮ್ಯಾಥ್ಯೂ ಡ್ರೈಯರ್ ಅವರ 1992ರ ಲೇಖನ ಇರಬೇಕು, ನಡುವೆ ಬೇರೇನೂ ಬರಬಾರದು. ಡ್ರೈಯರ್ 625 ಭಾಷೆಗಳನ್ನು ತೆಗೆದುಕೊಂಡು, ಭೂಭಾಗವಾರು ಬೇರೆ ಬೇರೆಯಾಗಿ ಎಣಿಸಿದರು. ಆಗ ಹಲವು ಸೂತ್ರಗಳು ಉಳಿದವು, ಒಂದು ಜನಪ್ರಿಯ ನಂಬಿಕೆ ಬಿದ್ದುಹೋಯಿತು. ಕ್ರಿಯಾಪದ ಕೊನೆಗಿದ್ದರೆ ಗುಣವಾಚಕ ನಾಮಪದಕ್ಕಿಂತ ಮೊದಲು ಬರುತ್ತದೆ ಎಂದು ಅನೇಕರು ತಿಳಿದಿದ್ದರು. ಕನ್ನಡದ ‘ಕೆಂಪು ಹೂ’ ನೋಡಿದರೂ, ತುರ್ಕಿ, ಜಪಾನಿ, ಹಿಂದಿಗಳನ್ನು ನೋಡಿದರೂ ಹಾಗೆಯೇ ತೋರುತ್ತದೆ. ಆದರೆ ಅದು ಏಷ್ಯಾದ ಭಾಷೆಗಳ ಚಾಳಿ, ಬೇರೆ ಖಂಡಗಳಲ್ಲಿ ಕ್ರಿಯಾಪದ ಕೊನೆಗಿದ್ದೂ ‘ಹೂ ಕೆಂಪು’ ಎನ್ನುವ ಭಾಷೆಗಳು ಧಾರಾಳ. ನೆರೆಹೊರೆಯ ಭಾಷೆಗಳನ್ನಷ್ಟೇ ನೋಡಿ ಲೋಕದ ನಿಯಮ ಹೇಳಬಾರದೆಂಬ ಎಚ್ಚರ ವಿದ್ಯಾರ್ಥಿಗೆ ಮೂರನೆಯ ವಾರದಲ್ಲೇ ಅಂಕಿಗಳ ಸಮೇತ ಸಿಗಬೇಕು. ಆ ವಾರವೇ ಬ್ರೆಜಿಲ್‌ನ ಹಿಶ್ಕಾರ‍್ಯಾನ ಭಾಷೆಯ ಪರಿಚಯವೂ ಆಗುತ್ತದೆ. ಕರ್ಮ ಮೊದಲು, ಕ್ರಿಯಾಪದ ನಡುವೆ, ಕರ್ತೃ ಕೊನೆಗೆ ಬರುವ ಭಾಷೆಯೊಂದು ಇದೆಯೆಂದು ಡೆಸ್ಮಂಡ್ ಡರ್ಬಿಶೈರ್ 1977ರಲ್ಲಿ ತೋರಿಸಿದಾಗ, ಅಂಥದ್ದು ಇರಲಾರದೆಂಬ ಗ್ರಹಿಕೆ ಬದಲಾಯಿತು.

ನಾಲ್ಕರಿಂದ ಏಳನೆಯ ವಾರದವರೆಗಿನದು ಸೆಮಿನಾರಿನ ತಿರುಳು. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ಭಾಷೆಗಳು ಹೇಗೆ ಗುರುತು ಮಾಡುತ್ತವೆ ಎಂಬುದು ಇಲ್ಲಿನ ಪ್ರಶ್ನೆ. ಕರ್ತೃ ಎಂಬ ಪದ ನಮಗೆ ಶಾಲೆಯಿಂದಲೇ ಗೊತ್ತು, ಅದರಿಂದಲೇ ತೊಂದರೆಯೂ ಆಗುತ್ತದೆ. ಟೈಪಾಲಜಿಯಲ್ಲಿ ಆ ಪದವನ್ನು ಬದಿಗಿಟ್ಟು ಮೂರು ಸ್ಥಾನಗಳನ್ನು ಹೆಸರಿಸುತ್ತಾರೆ: ‘ಅಪ್ಪ ಮರಳಿದ’ ಎಂಬಂಥ ಅಕರ್ಮಕ ವಾಕ್ಯದ ಒಬ್ಬನೇ ಪಾತ್ರಧಾರಿ, ‘ಅಮ್ಮ ಅಪ್ಪನನ್ನು ನೋಡಿದಳು’ ಎಂಬಂಥ ಸಕರ್ಮಕ ವಾಕ್ಯದಲ್ಲಿ ಮಾಡುವಾಕೆ, ಅದೇ ವಾಕ್ಯದಲ್ಲಿ ನೋಡಿಸಿಕೊಂಡವನು. ಕನ್ನಡ ಮೊದಲ ಎರಡನ್ನು ಒಂದೇ ಬಗೆಯಾಗಿ ಕಂಡು, ಮೂರನೆಯದಕ್ಕೆ ‘ಅನ್ನು’ ಹಚ್ಚುತ್ತದೆ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನ ಡ್ಯಿರ್ಬಲ್‌ನ ನಾಮಪದಗಳ ಲೆಕ್ಕವೇ ಬೇರೆ. ಅಲ್ಲಿ ‘ಙುಮ’ ಎಂದರೆ ಅಪ್ಪ, ‘ಯಬು’ ಎಂದರೆ ಅಮ್ಮ.

ಙುಮ ಬನಗಞು: ಅಪ್ಪ ಮರಳಿದ
ಙುಮ ಯಬುಙ್ಗು ಬುರನ್: ಅಮ್ಮ ಅಪ್ಪನನ್ನು ನೋಡಿದಳು

ಮರಳಿದ ಅಪ್ಪನಿಗೂ ನೋಡಿಸಿಕೊಂಡ ಅಪ್ಪನಿಗೂ ಒಂದೇ ರೂಪ, ಪ್ರತ್ಯಯವಿಲ್ಲದ ‘ಙುಮ’. ನೋಡಿದ ಅಮ್ಮನಿಗೆ ಮಾತ್ರ ‘ಙ್ಗು’ ಎಂಬ ಪ್ರತ್ಯಯ. ಇದು ಬರೀ ಪ್ರತ್ಯಯದ ಮಾತಾಗಿದ್ದರೆ ವಿದ್ಯಾರ್ಥಿಗಳು ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತಿದ್ದರು. ಎರಡು ವಾಕ್ಯಗಳನ್ನು ಜೋಡಿಸಿದಾಗ ವ್ಯತ್ಯಾಸ ಇನ್ನೂ ಆಳದ್ದೆಂದು ಗೊತ್ತಾಗುತ್ತದೆ. ಕನ್ನಡದಲ್ಲಿ ‘ಅಮ್ಮ ಅಪ್ಪನನ್ನು ನೋಡಿ ಮರಳಿದಳು’ ಎಂದರೆ ಮರಳಿದವಳು ಅಮ್ಮ. ಡ್ಯಿರ್ಬಲ್‌ನಲ್ಲಿ ‘ಙುಮ ಯಬುಙ್ಗು ಬುರನ್ ಬನಗಞು’ ಎಂದರೆ ಅಮ್ಮ ಅಪ್ಪನನ್ನು ನೋಡಿದಳು, ಮರಳಿದವನು ಅಪ್ಪ. ಬಾಯಿಬಿಟ್ಟು ಹೇಳದ ಪಾತ್ರಧಾರಿಯನ್ನು ಆ ಭಾಷೆ ಪ್ರತ್ಯಯವಿಲ್ಲದ ನಾಮಪದದಲ್ಲಿ ಹುಡುಕುತ್ತದೆ. ಡಿಕ್ಸನ್ ಅವರ 1979ರ ದೀರ್ಘ ಲೇಖನವನ್ನು ಈ ಉದಾಹರಣೆಗಳನ್ನು ತಾವೇ ಬಿಡಿಸಿ ನೋಡಿದ ಮೇಲೆ ಓದಬೇಕು, ಮೊದಲಲ್ಲ. ಮೊದಲೇ ಓದಿದವರು ಎರ್ಗೆಟಿವ್ ಎಂಬ ಹೆಸರನ್ನು ಕಲಿತುಬಿಡುತ್ತಾರೆ, ವಾಕ್ಯಗಳನ್ನು ನೋಡುವುದಿಲ್ಲ.

ಅದರ ಮುಂದಿನ ವಾರ ಮೈಕೆಲ್ ಸಿಲ್ವರ್‌ಸ್ಟೈನ್ ಅವರ 1976ರ ಪ್ರಬಂಧ. ಇದೇ ಡ್ಯಿರ್ಬಲ್ ‘ನಾವು’, ‘ನೀವು’ ಎಂಬ ಸರ್ವನಾಮಗಳಲ್ಲಿ ಕನ್ನಡದ ಹಾಗೆಯೇ ನಡೆದುಕೊಳ್ಳುತ್ತದೆ. ಹಿಂದಿ ಭೂತಕಾಲದ ಕೆಲವು ರೂಪಗಳಲ್ಲಿ ಮಾತ್ರ ‘ನೇ’ ಹಚ್ಚುತ್ತದೆ. ಹಾಗಾಗಿ ಇಡೀ ಭಾಷೆಗೆ ಒಂದು ಹಣೆಪಟ್ಟಿ ಅಂಟಿಸುವುದು ಸರಿಯಲ್ಲ, ಎಲ್ಲಿ ಯಾವ ಬಗೆ ಎಂದು ಕೇಳಬೇಕು. ಸಿಲ್ವರ್‌ಸ್ಟೈನ್ ಅವರ ಬರಹ ಬಲು ಬಿಗಿ. ಅದಕ್ಕೆ ಒಂದು ಬೈಠಕ್ ಪೂರ್ತಿ ಮೀಸಲಿಡುವುದೇ ವಿವೇಕ.

ಏಳನೆಯ ವಾರ ಕನ್ನಡವೇ ಮುಖ್ಯ ಸಾಮಗ್ರಿ. ‘ನಾನು ಪುಸ್ತಕ ಓದಿದೆ’, ‘ನಾನು ಪುಸ್ತಕವನ್ನು ಓದಿದೆ’ ಎರಡೂ ಸರಿ. ‘ನಾನು ಹುಡುಗಿಯನ್ನು ನೋಡಿದೆ’ ಸರಿ, ‘ನಾನು ಹುಡುಗಿ ನೋಡಿದೆ’ ಎಂದರೆ ಕಿವಿಗೆ ಕಟುವಾಗುತ್ತದೆ. ಕರ್ಮವು ಜೀವಿಯಾಗಿದ್ದರೆ ‘ಅನ್ನು’ ಬೇಕೇ ಬೇಕು, ವಸ್ತುವಾಗಿದ್ದರೆ ಬಿಡಬಹುದು ಎಂಬ ನಿಯಮ ಇದರಿಂದ ಹುಟ್ಟುತ್ತದೆ. ಜೆಫ್ರಿ ಲಿಡ್ಜ್ 2006ರಲ್ಲಿ ಕನ್ನಡದ ದ್ವಿತೀಯಾ ವಿಭಕ್ತಿಯ ಬಗ್ಗೆಯೇ ಬರೆದ ಲೇಖನವನ್ನು, ಜೂಡಿತ್ ಐಸೆನ್ 2003ರಲ್ಲಿ ಹಲವು ಭಾಷೆಗಳ ಇಂಥ ವರ್ತನೆಯನ್ನು ಒಟ್ಟಿಗೆ ವಿವರಿಸಿದ ಲೇಖನವನ್ನು ಇಲ್ಲಿ ಜೊತೆಯಾಗಿ ಓದಬೇಕು. ಆಮೇಲೆ ನಿಯಮವನ್ನು ಪರೀಕ್ಷಿಸಬೇಕು. ‘ನಾಳೆ ಹೆಣ್ಣು ನೋಡೋಕೆ ಹೋಗ್ತಾರೆ’ ಎಂದು ಕನ್ನಡ ಮನೆಗಳಲ್ಲಿ ದಿನವೂ ಕೇಳುವ ಮಾತು. ಹೆಣ್ಣು ಜೀವಿಯೇ, ಕರ್ಮವೇ, ಆದರೂ ‘ಅನ್ನು’ ಇಲ್ಲ. ‘ದನ ಮೇಯಿಸಿದ’ ಎಂಬುದೂ ಹಾಗೆಯೇ. ಎರಡರಲ್ಲೂ ಇಂಥ ಹೆಣ್ಣು, ಇಂಥ ದನ ಎಂಬ ಬೊಟ್ಟು ಇಲ್ಲ. ಹೆಣ್ಣು ನೋಡುವುದು, ದನ ಮೇಯಿಸುವುದು ಒಂದೊಂದು ಕೆಲಸದ ಹೆಸರಿನಂತೆ ನಡೆಯುತ್ತವೆ. ಹಾಗಾದರೆ ‘ಅನ್ನು’ ಬರುವುದನ್ನು ನಿರ್ಧರಿಸುವುದು ಜೀವ ಒಂದೇ ಅಲ್ಲ, ನಿರ್ದಿಷ್ಟತೆಯೂ ಅದರೊಳಗೆ ಹೆಣೆದುಕೊಂಡಿದೆ. ಕನ್ನಡ ಬಲ್ಲ ಒಬ್ಬ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಈ ಚರ್ಚೆ ಮೂರು ಗಂಟೆಗೆ ಮುಗಿಯುವುದಿಲ್ಲ.

ಎಂಟನೆಯ ವಾರಕ್ಕೆ ಡಿ. ಎನ್. ಶಂಕರ ಭಟ್ಟರ 1991ರ ಪುಸ್ತಕ. ಕರ್ತೃ, ಕರ್ಮ ಎಂಬ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗಳಿಗೂ ಬೇಕಿಲ್ಲ ಎಂದು ವಾದಿಸಲು ಅವರು ಕನ್ನಡವನ್ನೇ ಮುಂದೊಡ್ಡಿದರು. ‘ಅವನಿಗೆ ತನ್ನ ಊರು ನೆನಪಾಯಿತು’ ಎಂಬ ವಾಕ್ಯದಲ್ಲಿ ಕರ್ತೃ ಯಾವುದೆಂದು ತರಗತಿಯಲ್ಲಿ ಕೇಳಿದರೆ ಅವರ ವಾದದ ಮೊನೆ ಕಾಣುತ್ತದೆ. ‘ತನ್ನ’ ಎಂಬುದು ‘ಅವನಿಗೆ’ ಎಂಬುದನ್ನು ಹಿಡಿದಿದೆ, ಅದು ಸಾಮಾನ್ಯವಾಗಿ ಕರ್ತೃವಿನ ಲಕ್ಷಣ. ಆದರೆ ಕ್ರಿಯಾಪದ ‘ನೆನಪಾಯಿತು’ ಎಂದು ನಪುಂಸಕದಲ್ಲಿದೆ, ‘ಅವನಿಗೆ’ ಎಂಬುದಕ್ಕೆ ಹೊಂದುವುದಿಲ್ಲ. ಒಂದು ಪರೀಕ್ಷೆ ಹೌದು ಎನ್ನುತ್ತದೆ, ಇನ್ನೊಂದು ಅಲ್ಲ ಎನ್ನುತ್ತದೆ. ಭಟ್ಟರ ತೀರ್ಮಾನವನ್ನು ಎಲ್ಲರೂ ಒಪ್ಪಬೇಕಿಲ್ಲ, ಆದರೆ ಈ ಪುಸ್ತಕವಿಲ್ಲದ ಪಠ್ಯಕ್ರಮ ಅಪೂರ್ಣವೆಂದೇ ಹೇಳಬೇಕು.

ಒಂಬತ್ತು, ಹತ್ತನೆಯ ವಾರಗಳು ಪ್ರೇರಣಾರ್ಥಕ ಕ್ರಿಯೆಗಳಿಗೂ ವಿಶೇಷಣ ವಾಕ್ಯಗಳಿಗೂ ಮೀಸಲು. ಇವನ್ನು ಬೇಗ ದಾಟಬಹುದು. ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ 1977ರಲ್ಲಿ ಕೊಟ್ಟ ಶ್ರೇಣಿಯನ್ನು ಕನ್ನಡದ ಮೇಲೆ ಹಾಕಿ ನೋಡಿದರೆ ಸಾಕು. ‘ನಾನು ಬಂದ ಬಸ್ಸು’ ಎನ್ನಬಹುದು, ಬಸ್ಸಿನಲ್ಲಿ ಎಂಬುದು ತಾನೇ ತಿಳಿಯುತ್ತದೆ. ಗೆಳೆಯನ ಜೊತೆ ಬಂದವರು ‘ನಾನು ಬಂದ ಗೆಳೆಯ’ ಎನ್ನಲಾರರು. ಒಂದೇ ‘ಬಂದ’ ಎಲ್ಲ ಸಂಬಂಧಗಳನ್ನೂ ಹೊರುವುದಿಲ್ಲ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಗುರುತಿಸಬೇಕು.

ಹನ್ನೊಂದು, ಹನ್ನೆರಡನೆಯ ವಾರಗಳಲ್ಲಿ ಎಣಿಕೆಯ ವಿಧಾನ ಬರುತ್ತದೆ. ಹೋಲಿಕೆಗೆ ಮೂರು ಕಾರಣಗಳಿರಬಹುದು: ಭಾಷೆಗಳು ಒಂದೇ ತಾಯಿಯವು, ಒಂದೇ ನೆರೆಯವು, ಇಲ್ಲವೇ ಎಲ್ಲ ಭಾಷೆಗಳಿಗೂ ಹೊಂದುವ ಏನೋ ಒಂದು ಕಾರಣವಿದೆ. ಟೈಪಾಲಜಿಗೆ ಬೇಕಾದ್ದು ಮೂರನೆಯದು, ಅದಕ್ಕಾಗಿ ಮೊದಲ ಎರಡನ್ನು ಕಳೆಯಬೇಕು. ನೆರೆಯ ಪ್ರಭಾವ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಗ್ರಾಮದ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಿಂತ ಒಳ್ಳೆಯ ಓದು ಇಲ್ಲ. ಅಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಜೊತೆಗಿದ್ದು ಪದಗಳನ್ನು ಬೇರೆಯಾಗಿಯೇ ಉಳಿಸಿಕೊಂಡು ವಾಕ್ಯರಚನೆಯಲ್ಲಿ ಒಂದಾಗಿದ್ದವು. ನಾವು ‘ಇದು ನಿಮ್ಮ ಮನೆ’ ಎಂದು ನಿಲ್ಲಿಸುವಲ್ಲಿ ಆ ಊರಿನ ಕನ್ನಡ ಕೊನೆಗೆ ‘ಐತಿ’ ಸೇರಿಸುತ್ತದೆ, ಮರಾಠಿಯ ‘ಆಹೇ’ ಮತ್ತು ಉರ್ದುವಿನ ‘ಹೈ’ಗೆ ಸರಿಸಮನಾಗಿ. 2011ರಲ್ಲಿ ಮೈಕೆಲ್ ಡನ್ ಮತ್ತು ಸಂಗಡಿಗರು ನಾಲ್ಕು ಭಾಷಾಕುಟುಂಬಗಳ ವಂಶವೃಕ್ಷಗಳನ್ನು ಗಣಿತದಿಂದ ಪರಿಶೀಲಿಸಿ, ಪದಕ್ರಮದ ಕೊಂಡಿಗಳು ಕುಟುಂಬದಿಂದ ಕುಟುಂಬಕ್ಕೆ ಬದಲಾಗುತ್ತವೆ ಎಂದರು. ಅದಕ್ಕೆ ಬಂದ ಆಕ್ಷೇಪಗಳ ಸಮೇತ ಈ ಲೇಖನವನ್ನು ಓದುವುದು ಗ್ರೀನ್‌ಬರ್ಗ್ ಅವರಿಗೆ ಮತ್ತೊಮ್ಮೆ ಹಿಂತಿರುಗಿದಂತೆ.

ಹಾಸ್ಪೆಲ್‌ಮಾತ್ ಅವರ 2010ರ ಲೇಖನವನ್ನು ಹದಿಮೂರನೆಯ ವಾರದವರೆಗೆ ತಡೆಹಿಡಿಯುವುದು ಈ ಪಠ್ಯಕ್ರಮದ ಹಟ. ಒಂದು ಭಾಷೆಯ ‘ದ್ವಿತೀಯಾ’ ಇನ್ನೊಂದು ಭಾಷೆಯ ‘ದ್ವಿತೀಯಾ’ ಅಲ್ಲ, ಹೋಲಿಕೆಗೆ ಬೇಕಾದ ಪರಿಕಲ್ಪನೆಗಳನ್ನು ಸಂಶೋಧಕ ತಾನೇ ರೂಪಿಸಿಕೊಳ್ಳಬೇಕು ಎಂಬುದು ಅವರ ವಾದ. ಬಹಳ ಕಡೆ ಇದನ್ನು ಮೊದಲ ವಾರವೇ ಇಡುತ್ತಾರೆ. ಆಗ ವಿದ್ಯಾರ್ಥಿಗಳು ಒಪ್ಪುತ್ತಾರೆ ಅಥವಾ ಜಗಳವಾಡುತ್ತಾರೆ, ಎರಡಕ್ಕೂ ಆಧಾರ ಇರುವುದಿಲ್ಲ. ಹನ್ನೆರಡು ವಾರ ವಾಕ್ಯಗಳೊಡನೆ ಹೆಣಗಿದವರಿಗೆ ಅದು ತಮ್ಮದೇ ಕಷ್ಟದ ವಿವರಣೆಯಾಗಿ ಕಾಣುತ್ತದೆ. ಹದಿನಾಲ್ಕನೆಯ ವಾರ ಪ್ರಬಂಧಗಳ ಮಂಡನೆ.

ಅಂಕಗಳ ಹಂಚಿಕೆಯಲ್ಲಿ ಆರಿಸಿದ ಭಾಷೆಯ ಮೂರು ವರದಿಗಳಿಗೆ ತಲಾ 10, ಒಂದು ಚರ್ಚೆಯನ್ನು ಮುನ್ನಡೆಸಲು 15, ಪ್ರಬಂಧದ ಯೋಜನೆಗೆ 10, ಅಂತಿಮ ಪ್ರಬಂಧಕ್ಕೆ 30. ವರದಿ ಮೂರು ಪುಟ ಮೀರಬಾರದು, ಪ್ರತಿ ಹೇಳಿಕೆಗೂ ವ್ಯಾಕರಣದ ಪುಟಸಂಖ್ಯೆ ಬೇಕು. ಪರೀಕ್ಷೆ ಇಲ್ಲ.

ಅಂತಿಮ ಪ್ರಬಂಧ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಪ್ರಸಂಗ ನೋಡಬಹುದು. ಕರ್ಮದ ಗುರುತು ಜೀವ ಮತ್ತು ನಿರ್ದಿಷ್ಟತೆಯನ್ನು ಅವಲಂಬಿಸುತ್ತದೆಯೇ ಎಂದು ಇಪ್ಪತ್ತನಾಲ್ಕು ಭಾಷೆಗಳಲ್ಲಿ ಹುಡುಕಲು ಒಬ್ಬ ವಿದ್ಯಾರ್ಥಿನಿ ಹೊರಡುತ್ತಾಳೆ. ಮೊದಲ ಪಟ್ಟಿಯಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ, ಮರಾಠಿ ಇರುತ್ತವೆ, ಏಕೆಂದರೆ ಅವುಗಳ ವ್ಯಾಕರಣಗಳು ಗ್ರಂಥಾಲಯದಲ್ಲಿ ಸುಲಭವಾಗಿ ಸಿಕ್ಕವು. ಯೋಜನೆಯ ಹಂತದಲ್ಲೇ ಇದನ್ನು ಹಿಡಿಯಬೇಕು: ಒಂದೇ ನೆರೆಯ ಐದು ಭಾಷೆಗಳು ಐದು ಸಾಕ್ಷಿಗಳಲ್ಲ. ಒಂದನ್ನು ಉಳಿಸಿ ಉಳಿದ ಜಾಗಕ್ಕೆ ಬೇರೆ ಖಂಡಗಳ ಭಾಷೆಗಳನ್ನು ತರಬೇಕು. ನಂತರ ಪಟ್ಟಿಯ ಕಾಲಂ. ಅಲ್ಲಿ ‘ಯಾವಾಗಲೂ ಗುರುತಿದೆ’, ‘ಎಂದೂ ಇಲ್ಲ’, ‘ಕೆಲವೊಮ್ಮೆ’ ಎಂಬ ಮೂರು ಆಯ್ಕೆಗಳ ಜೊತೆಗೆ ‘ವ್ಯಾಕರಣ ಏನೂ ಹೇಳಿಲ್ಲ’ ಎಂಬ ನಾಲ್ಕನೆಯದು ಇರಲೇಬೇಕು. ವ್ಯಾಕರಣಕಾರ ಹೇಳದೆ ಬಿಟ್ಟದ್ದನ್ನು ಭಾಷೆಯಲ್ಲಿ ಇಲ್ಲವೆಂದು ಬರೆಯುವುದು ಈ ವಿದ್ಯೆಯಲ್ಲಿ ಅತಿ ಸಾಮಾನ್ಯವಾದ ತಪ್ಪು.

ತುರ್ಕಿ, ಹೀಬ್ರೂ, ಸ್ಪ್ಯಾನಿಶ್ ಸುಲಭವಾಗಿ ‘ಕೆಲವೊಮ್ಮೆ’ ಎಂಬಲ್ಲಿ ಕೂರುತ್ತವೆ. ತುರ್ಕಿ ಮತ್ತು ಹೀಬ್ರೂಗಳಲ್ಲಿ ನಿರ್ದಿಷ್ಟ ಕರ್ಮಕ್ಕೆ ಗುರುತು, ಸ್ಪ್ಯಾನಿಶ್‌ನಲ್ಲಿ ಮುಖ್ಯವಾಗಿ ಮನುಷ್ಯರಿಗೆ. ತೊಡಕು ಫಿನ್ನಿಶ್‌ನಲ್ಲಿ. ಅಲ್ಲಿ ‘ಲುಇನ್ ಕಿರ್ಯನ್’ ಎಂದರೆ ಪುಸ್ತಕವನ್ನು ಓದಿ ಮುಗಿಸಿದೆ, ‘ಲುಇನ್ ಕಿರ್ಯಾ’ ಎಂದರೆ ಓದುತ್ತಿದ್ದೆ. ಕರ್ಮದ ರೂಪ ಬದಲಾಗುತ್ತದೆ, ಆದರೆ ಕಾರಣ ಪುಸ್ತಕದಲ್ಲಿಲ್ಲ, ಕೆಲಸ ಮುಗಿಯಿತೋ ಇಲ್ಲವೋ ಎಂಬುದರಲ್ಲಿದೆ. ಅದನ್ನು ಸೇರಿಸಬೇಕೋ ಬಿಡಬೇಕೋ ಎಂಬುದಕ್ಕೆ ಉತ್ತರ ಫಿನ್ನಿಶ್ ವ್ಯಾಕರಣದಲ್ಲಿ ಸಿಗದು, ವಿದ್ಯಾರ್ಥಿನಿ ಮೊದಲ ಪುಟದಲ್ಲಿ ಬರೆದ ವ್ಯಾಖ್ಯಾನದಲ್ಲಿ ಸಿಗಬೇಕು. ಪಟ್ಟಿ ತುಂಬಿದ ಮೇಲೆ ವ್ಯಾಖ್ಯಾನ ಬದಲಿಸಿದರೆ ಮತ್ತೆ ಎಲ್ಲ ಭಾಷೆಗಳನ್ನೂ ಮೊದಲಿನಿಂದ ನೋಡಬೇಕಾಗುತ್ತದೆ. ಅದಕ್ಕೇ ಯೋಜನೆಯ 10 ಅಂಕಗಳಲ್ಲಿ ಅರ್ಧ ಆ ವ್ಯಾಖ್ಯಾನಕ್ಕೆ ಮೀಸಲು.

ದತ್ತಾಂಶಕ್ಕೆ 2005ರಲ್ಲಿ ಪುಸ್ತಕವಾಗಿ ಬಂದು ಈಗ ಅಂತರ್ಜಾಲದಲ್ಲಿ ಉಚಿತವಾಗಿರುವ ವಿಶ್ವಭಾಷಾರಚನೆಗಳ ಅಟ್ಲಾಸ್ ಇದೆ, 2023ರಲ್ಲಿ ಬಂದ ಗ್ರ್ಯಾಂಬ್ಯಾಂಕ್ ಇದೆ. ಎರಡನೆಯದರಲ್ಲಿ 2,467 ಭಾಷೆ-ಉಪಭಾಷೆಗಳ 195 ಲಕ್ಷಣಗಳಿವೆ. ಅವನ್ನು ಬಳಸಲು ಅನುಮತಿ ಉಂಟು, ಆದರೆ ಅಲ್ಲಿಂದ ತೆಗೆದ ಉತ್ತರಗಳಲ್ಲಿ ಕನಿಷ್ಠ ಐದನ್ನಾದರೂ ಮೂಲ ವ್ಯಾಕರಣ ತೆರೆದು ತಾಳೆ ನೋಡಿರಬೇಕು. ಪ್ರಬಂಧದ ಊಹೆ ಸುಳ್ಳಾದರೂ ಅಂಕ ಕಡಿಮೆಯಾಗುವುದಿಲ್ಲ. ಪುಟಸಂಖ್ಯೆಯಿಲ್ಲದ ಪಟ್ಟಿ ಮಾತ್ರ ತಿದ್ದುಪಡಿಗೆ ಹಿಂತಿರುಗುತ್ತದೆ.